ಮಂಗಳದವರೆಗೂ ಸದ್ದಿಲ್ಲದೆ ಹೋದ ತಪ್ಪು

1999ರ ಸೆಪ್ಟೆಂಬರ್ 23ರಂದು ನಾಸಾದ ಮಾರ್ಸ್ ಕ್ಲೈಮೇಟ್ ಆರ್ಬಿಟರ್ ಮಂಗಳದ ಹಿಂದೆ ಮರೆಯಾಯಿತು. ಅದರ ಸಿಗ್ನಲ್ ನಿಂತದ್ದು ಲೆಕ್ಕ ಹಾಕಿದ್ದಕ್ಕಿಂತ 49 ಸೆಕೆಂಡ್ ಮೊದಲೇ. ಮತ್ತೆ ಅದು ಬರಲೇ ಇಲ್ಲ. ಕಾರಣ ಹುಡುಕಿದಾಗ ಸಿಕ್ಕಿದ್ದು ಭೂಮಿಯ ಮೇಲಿದ್ದ ಒಂದು ಪ್ರೋಗ್ರಾಮ್. ಅದು ಒಮ್ಮೆಯೂ ಕ್ರ್ಯಾಶ್ ಆಗಿರಲಿಲ್ಲ. ತಿಂಗಳುಗಟ್ಟಲೆ ಓಡಿ, ಕೇಳಿದ ಅಂಕಿಗಳನ್ನು ಕೊಡುತ್ತಲೇ ಇತ್ತು. ಆ ಅಂಕಿಗಳೇ ತಪ್ಪಾಗಿದ್ದವು.

ಇಂಥ ತಪ್ಪಿಗೆ ಲಾಜಿಕ್ ಎರರ್ ಅಂತ ಹೆಸರು. ಪ್ರೋಗ್ರಾಮಿಂಗ್ ಕಲಿಯುವವರು ಸಾಮಾನ್ಯವಾಗಿ ಹೆದರುವುದು ಪರದೆ ಮೇಲೆ ಕೆಂಪಕ್ಷರದಲ್ಲಿ ಬರುವ ಎರರ್‌ಗಳಿಗೆ. ನಿಜವಾಗಿ ಹೆದರಬೇಕಾದದ್ದು ಏನೂ ಬರದೆ ಇರುವುದಕ್ಕೆ. ಯಾಕೆ ಅಂತ ನೋಡಲು ಆ ನೌಕೆಯ ಲೆಕ್ಕವನ್ನೇ ತುಂಬಾ ಚಿಕ್ಕದು ಮಾಡಿ, ಪೈಥಾನ್‌ನಲ್ಲಿ ಬರೆಯೋಣ. ನೌಕೆಯ ಥ್ರಸ್ಟರ್ ಸ್ವಲ್ಪ ಹೊತ್ತು ಉರಿದರೆ ವೇಗ ಎಷ್ಟು ಬದಲಾಗುತ್ತದೆ? ನೂಕುಬಲವನ್ನು ಉರಿದ ಸಮಯದಿಂದ ಗುಣಿಸಿದರೆ ಇಂಪಲ್ಸ್ ಸಿಗುತ್ತದೆ. ಅದನ್ನು ನೌಕೆಯ ದ್ರವ್ಯರಾಶಿಯಿಂದ ಭಾಗಿಸಿದರೆ ಉತ್ತರ.

```python
def vega(impulse, mass)
    return impulse / mass

print(vega(10, 600))
```

ಇದು ಓಡುವುದೇ ಇಲ್ಲ. ಮೊದಲ ಸಾಲಿನ ಕೊನೆಯಲ್ಲಿ ಕೋಲನ್ ಬಿಟ್ಟುಹೋಗಿದೆ. ಈಗಿನ ಪೈಥಾನ್ ಆವೃತ್ತಿಗಳು `SyntaxError: expected ':'` ಅಂತ ಸಾಲಿನ ಸಮೇತ ತೋರಿಸುತ್ತವೆ. ಇದು ಸಿಂಟ್ಯಾಕ್ಸ್ ಎರರ್. ಭಾಷೆಯ ವ್ಯಾಕರಣ ಪೈಥಾನ್‌ಗೆ ಪೂರ್ತಿ ಗೊತ್ತು. ಹಾಗಾಗಿ ಒಂದು ಸಾಲನ್ನೂ ಓಡಿಸದೆ, ಬರೀ ಓದಿಯೇ ಇದನ್ನು ಹಿಡಿಯಬಹುದು. ಕೆಲವೊಮ್ಮೆ ಅದು ನಿಜವಾದ ತಪ್ಪಿನ ಮುಂದಿನ ಸಾಲನ್ನು ತೋರಿಸುತ್ತದೆ, ಅಷ್ಟೇ ತೊಂದರೆ.

ಕೋಲನ್ ಹಾಕಿದೆವು ಅನ್ನಿ. ಈಗ ಯಾರೋ ದ್ರವ್ಯರಾಶಿ ಇರಬೇಕಾದ ಕಡೆ 0 ಕೊಟ್ಟರು. ಬರೆದದ್ದು ವ್ಯಾಕರಣಕ್ಕೆ ಸರಿಯಾಗಿದೆ, ಆದರೆ ಆ ಕೆಲಸ ಮಾಡಲು ಆಗುವುದಿಲ್ಲ. ಪ್ರೋಗ್ರಾಮ್ ಅರ್ಧದಲ್ಲಿ ನಿಂತು `ZeroDivisionError` ಅನ್ನುತ್ತದೆ. ಇದು ರನ್‌ಟೈಮ್ ಎರರ್. ಇದರ ಕಾಟ ಇರುವುದು ಬೇರೆ ಕಡೆ: ತಪ್ಪಿರುವ ಸಾಲು ಓಡಿದಾಗ ಮಾತ್ರ ಇದು ಕಾಣುತ್ತದೆ. ವರ್ಷಕ್ಕೊಮ್ಮೆ ಓಡುವ ಸಾಲಾದರೆ ವರ್ಷಗಟ್ಟಲೆ ಅಡಗಿರಬಹುದು. ಆದರೂ ಬಂದ ದಿನ ಎಲ್ಲಿ, ಏನಾಯಿತು ಅಂತ ಹೇಳಿಯೇ ಬರುತ್ತದೆ.

ಮೂರನೆಯದಕ್ಕೆ ಬರೋಣ. ಕೋಲನ್ ಇದೆ, ದ್ರವ್ಯರಾಶಿ 600 ಕಿಲೋ. ಪ್ರೋಗ್ರಾಮ್ ತಟ್ಟನೆ `0.016666666666666666` ಅಂತ ಉತ್ತರ ಕೊಡುತ್ತದೆ. ಆದರೆ ಆ 10 ಎಂಬ ಅಂಕಿ ಬಂದದ್ದು ಪೌಂಡ್-ಫೋರ್ಸ್ ಸೆಕೆಂಡ್ ಅಳತೆಯಲ್ಲಿ, ನ್ಯೂಟನ್ ಸೆಕೆಂಡ್‌ನಲ್ಲಿ ಅಲ್ಲ. ಒಂದು ಪೌಂಡ್-ಫೋರ್ಸ್ ಅಂದರೆ ಸುಮಾರು 4.45 ನ್ಯೂಟನ್. ಹಾಗಾಗಿ ಸರಿಯಾದ ಉತ್ತರ ಸೆಕೆಂಡಿಗೆ ಸುಮಾರು 0.074 ಮೀಟರ್.

ಪೈಥಾನ್ ಯಾಕೆ ಸುಮ್ಮನಿತ್ತು? ಅದಕ್ಕೆ ಗೊತ್ತಿರುವುದು ಎರಡೇ: ಇದು ಓದಲು ಬರುತ್ತದೆಯೇ, ಇದನ್ನು ಮಾಡಲು ಆಗುತ್ತದೆಯೇ. ಹತ್ತನ್ನು ಆರುನೂರರಿಂದ ಭಾಗಿಸಲು ಖಂಡಿತ ಆಗುತ್ತದೆ. ನಮಗೆ ಬೇಕಾಗಿದ್ದದ್ದು ಏನು ಅನ್ನುವುದು ಆ ಫೈಲಿನಲ್ಲಿ ಎಲ್ಲೂ ಬರೆದಿಲ್ಲ. ಅದು ನಮ್ಮ ತಲೆಯಲ್ಲಿದೆ, ಇಲ್ಲವೇ ಯಾವುದೋ ದಾಖಲೆಯಲ್ಲಿದೆ. ಎರರ್ ಮೆಸೇಜ್ ಹುಟ್ಟಬೇಕಾದರೆ ಎರಡು ವಿಷಯಗಳು ಒಂದಕ್ಕೊಂದು ತಾಳೆಯಾಗದೆ ಹೋಗಬೇಕು. ಇಲ್ಲಿ ಕಂಪ್ಯೂಟರ್ ಹತ್ತಿರ ಒಂದೇ ಇದೆ, ತಾಳೆ ನೋಡಲು ಎರಡನೆಯದೇ ಇಲ್ಲ.

ನಾಸಾದ ನೌಕೆಗೂ ಆದದ್ದು ಇದೇ. ಅದರ ಸೋಲಾರ್ ಫಲಕ ಒಂದೇ ಬದಿಗಿತ್ತು. ಬಿಸಿಲಿನ ಒತ್ತಡಕ್ಕೆ ನೌಕೆ ಮೆಲ್ಲಗೆ ತಿರುಗಲು ನೋಡುತ್ತಿತ್ತು. ಅದನ್ನು ತಡೆಯಲು ಒಳಗೆ ತಿರುಗುವ ಚಕ್ರಗಳಿದ್ದವು. ಅವುಗಳ ವೇಗ ಮಿತಿಮೀರದಂತೆ ಆಗಾಗ ಪುಟ್ಟ ಥ್ರಸ್ಟರ್‌ಗಳನ್ನು ಉರಿಸಬೇಕಿತ್ತು. ಪ್ರತಿ ಸಲ ಉರಿಸಿದಾಗಲೂ ನೌಕೆಯ ದಾರಿ ಒಂಚೂರು ಸರಿಯುತ್ತಿತ್ತು. ಆ ಸರಿತವನ್ನು ಲೆಕ್ಕ ಹಾಕಲು, ನೌಕೆ ಕಟ್ಟಿದ ಲಾಕ್‌ಹೀಡ್ ಮಾರ್ಟಿನ್‌ನ ಪ್ರೋಗ್ರಾಮ್ ಒಂದು ಫೈಲ್ ತಯಾರಿಸಿ, ದಾರಿ ಲೆಕ್ಕ ಹಾಕುವ ಜೆಟ್ ಪ್ರೊಪಲ್ಷನ್ ಲ್ಯಾಬೊರೇಟರಿ ತಂಡಕ್ಕೆ ಕೊಡುತ್ತಿತ್ತು. ಅಂಕಿಗಳು ನ್ಯೂಟನ್ ಸೆಕೆಂಡ್‌ನಲ್ಲಿರಬೇಕು ಎಂದು ಒಪ್ಪಂದದ ದಾಖಲೆಯಲ್ಲಿತ್ತು. ಪ್ರೋಗ್ರಾಮ್ ಬರೆದದ್ದು ಪೌಂಡ್-ಫೋರ್ಸ್ ಸೆಕೆಂಡ್‌ನಲ್ಲಿ. ಹೀಗಾಗಿ ಪ್ರತಿ ನೂಕನ್ನೂ 4.45 ಪಟ್ಟು ಕಡಿಮೆ ಅಂತ ಎಣಿಸಲಾಯಿತು.

ತನಿಖಾ ಮಂಡಳಿಯ ವರದಿಯಲ್ಲಿ ನನಗೆ ಎಲ್ಲಕ್ಕಿಂತ ಜಾಸ್ತಿ ಕಾಡುವ ಒಂದು ವಿವರ ಇದೆ. ಪ್ರಯಾಣದ ಮೊದಲ ನಾಲ್ಕು ತಿಂಗಳು ಈ ಫೈಲನ್ನು ಬಳಸಲೇ ಆಗಿರಲಿಲ್ಲ. ಅದರ ಫಾರ್ಮ್ಯಾಟ್‌ನಲ್ಲೇ ತಪ್ಪುಗಳಿದ್ದವು. ಅವು ಕಣ್ಣಿಗೆ ಬೀಳುವ ತಪ್ಪುಗಳು, ಹಾಗಾಗಿ ಕೂತು ಸರಿಪಡಿಸಿದರು. 1999ರ ಏಪ್ರಿಲ್‌ನಲ್ಲಿ ಫೈಲ್ ಸರಾಗವಾಗಿ ಓದಲು ಬಂತು. ಅಂದರೆ ಗಲಾಟೆ ಮಾಡುವ ತಪ್ಪನ್ನೆಲ್ಲ ತೆಗೆದ ಮೇಲೆ, ಸದ್ದು ಮಾಡದ ತಪ್ಪಿಗೆ ದಾರಿ ತೆರೆಯಿತು.

ಹಾಗಂತ ಸುಳಿವೇ ಇರಲಿಲ್ಲ ಅಂತಲ್ಲ. ಫೈಲ್ ಬಳಸಲು ಶುರುಮಾಡಿದ ಒಂದೇ ವಾರದಲ್ಲಿ, ನೂಕಿನ ಲೆಕ್ಕ ಕಡಿಮೆ ಬರುತ್ತಿದೆ ಅನ್ನಿಸಿತ್ತು. ಆದರೆ ಖಚಿತವಾಗಿ ಹೇಳುವುದು ಕಷ್ಟವಾಗಿತ್ತು. ರೇಡಿಯೋ ಅಲೆಯ ಡಾಪ್ಲರ್ ಬದಲಾವಣೆಯಿಂದ ತಿಳಿಯುವುದು ನೌಕೆ ನಮ್ಮ ಕಡೆಗೆ ಅಥವಾ ನಮ್ಮಿಂದ ದೂರಕ್ಕೆ ಹೋಗುವ ವೇಗ ಮಾತ್ರ. ಈ ನೂಕುಗಳು ಬಹುಪಾಲು ಅಡ್ಡಕ್ಕೆ ಇದ್ದವು. ಅನುಮಾನಗಳು ಇಮೇಲ್‌ಗಳಲ್ಲಿ ಓಡಾಡಿದವು, ಅಧಿಕೃತ ದೂರಾಗಿ ದಾಖಲಾಗಲಿಲ್ಲ.

ಕೊನೆಯ ವಾರದ ಅಂಕಿಗಳನ್ನು ನೋಡಿ. ಮಂಗಳಕ್ಕೆ ಅತಿ ಹತ್ತಿರ ಬರುವಾಗ ನೌಕೆ 226 ಕಿ.ಮೀ. ಎತ್ತರದಲ್ಲಿರಬೇಕಿತ್ತು. ಆ ವಾರ ಅಂದಾಜು 150–170ರ ಆಸುಪಾಸಿಗೆ ಇಳಿಯಿತು. ತಲುಪುವ ಹಿಂದಿನ ದಿನ 110. ನೌಕೆ ಉಳಿಯಲು ಬೇಕಾದದ್ದು ಕನಿಷ್ಠ 80. ಎಲ್ಲ ಮುಗಿದ ಮೇಲೆ ಲೆಕ್ಕ ಹಾಕಿದಾಗ ಸಿಕ್ಕ ಎತ್ತರ 57. ಲಾಜಿಕ್ ಎರರ್ ಪತ್ತೆಯಾಗುವುದು ಬಹುತೇಕ ಹೀಗೆಯೇ. ಪ್ರೋಗ್ರಾಮ್ ಒಳಗಿನಿಂದ ಅದು ಕಾಣುವುದಿಲ್ಲ. ಹೊರಗಿನ ಅಳತೆಯೊಂದು ಅದರ ಉತ್ತರಕ್ಕೆ ಹೊಂದದೆ ಹೋಗುತ್ತದೆ, ಮತ್ತು ಆ ವ್ಯತ್ಯಾಸ ಒಂದೇ ದಿಕ್ಕಿಗೆ ಬೆಳೆಯುತ್ತಾ ಹೋಗುತ್ತದೆ.

ಹಾಗಾದರೆ ತಾಳೆ ನೋಡಲು ಬೇಕಾದ ಆ ಎರಡನೆಯ ವಿಷಯವನ್ನು ಮೊದಲೇ ಕಂಪ್ಯೂಟರ್‌ಗೆ ಕೊಟ್ಟರೆ? ಕೈಯಲ್ಲಿ ಲೆಕ್ಕ ಹಾಕಿದ ಉತ್ತರವನ್ನು ಪ್ರೋಗ್ರಾಮಿನ ಪಕ್ಕದಲ್ಲೇ ಬರೆದಿಡಬಹುದು. 10 ಪೌಂಡ್-ಫೋರ್ಸ್ ಸೆಕೆಂಡ್, 600 ಕಿಲೋ, ಉತ್ತರ 0.0741:

```python
assert abs(vega(10, 600) - 0.0741) < 0.001
```

ನಮ್ಮ ತಪ್ಪು ಪ್ರೋಗ್ರಾಮ್ ಈ ಸಾಲಿಗೆ ಬಂದ ತಕ್ಷಣ `AssertionError` ಅಂತ ನಿಲ್ಲುತ್ತದೆ. ಮೂರನೇ ಜಾತಿಯ ತಪ್ಪು ಎರಡನೇ ಜಾತಿಗೆ ಇಳಿಯಿತು. ಎಫ್ ಶಾರ್ಪ್‌ನಂಥ ಭಾಷೆಯಲ್ಲಿ ಅಂಕಿಗೆ ಅಳತೆಯ ಹೆಸರನ್ನೇ ಅಂಟಿಸಬಹುದು. ಆಗ ನ್ಯೂಟನ್ ಇರಬೇಕಾದ ಕಡೆ ಪೌಂಡ್ ಕೊಟ್ಟರೆ ಪ್ರೋಗ್ರಾಮ್ ಓಡುವ ಮೊದಲೇ, ಕಂಪೈಲ್ ಆಗುವಾಗಲೇ ಸಿಕ್ಕಿಬೀಳುತ್ತದೆ.

ಇಲ್ಲಿ ಒಂದು ಎಚ್ಚರ ಬೇಕು. ಆ 0.0741 ಬೇರೆ ದಾರಿಯಿಂದ ಬಂದಿರಬೇಕು. ಎಷ್ಟೋ ಜನ ಪ್ರೋಗ್ರಾಮನ್ನು ಒಮ್ಮೆ ಓಡಿಸಿ, ಬಂದ ಉತ್ತರವನ್ನೇ ಟೆಸ್ಟ್‌ನಲ್ಲಿ ಹಾಕಿಬಿಡುತ್ತಾರೆ. ಆಗ ಅಲ್ಲಿ 0.0167 ಕೂತಿರುತ್ತದೆ, ಟೆಸ್ಟ್ ಪಾಸಾಗುತ್ತದೆ. ಒಂದು ತಂಡದಿಂದ ಇನ್ನೊಂದು ತಂಡಕ್ಕೆ ಹೋಗುವ ಫೈಲಿಗೆ ಕಂಪೈಲರ್ ಕಾವಲೂ ಸಾಲದು, ಯಾಕೆಂದರೆ ಫೈಲಿನೊಳಗೆ ಹೋದ ಅಂಕಿ ಮತ್ತೆ ಬರೀ ಅಂಕಿಯಾಗುತ್ತದೆ. ಅಲ್ಲಿ ಬೇಕಾಗುವುದು ಈ ತುದಿಯಿಂದ ಆ ತುದಿಯವರೆಗಿನ ಪರೀಕ್ಷೆ: ಉತ್ತರ ಗೊತ್ತಿರುವ ಒಂದು ಥ್ರಸ್ಟರ್ ಉರಿತವನ್ನು ಒಂದು ಕಡೆ ಹಾಕಿ, ಇನ್ನೊಂದು ತಂಡದ ಪರದೆಯಲ್ಲಿ ಏನು ಬಂತು ಅಂತ ನೋಡುವುದು. ಆರ್ಬಿಟರ್‌ನ ಆ ಫೈಲಿಗೆ ಇಂಥ ಪರೀಕ್ಷೆ ನಡೆದಂತೆ ಕಾಣುವುದಿಲ್ಲ ಎಂದು ತನಿಖಾ ಮಂಡಳಿ ಬರೆದಿದೆ.