ಒಂದು ಅಧ್ಯಯನ ಹೌದು ಅನ್ನುತ್ತದೆ, ಇನ್ನೊಂದು ಇಲ್ಲ ಅನ್ನುತ್ತದೆ: ಸಾಹಿತ್ಯ ಸಮೀಕ್ಷೆ ಬರೆಯುವುದು ಹೇಗೆ?

ಪ್ರಶ್ನೆ: ನಾನು ಎಂ.ಎಡ್. ವಿದ್ಯಾರ್ಥಿನಿ. ರೂಪಣಾತ್ಮಕ ಹಿಮ್ಮಾಹಿತಿ, ಅಂದರೆ ಕಲಿಯುತ್ತಿರುವಾಗಲೇ ತಿದ್ದಿಕೊಳ್ಳಲು ಕೊಡುವ ಫೀಡ್‌ಬ್ಯಾಕ್, ಮತ್ತು ವಿದ್ಯಾರ್ಥಿಗಳ ಅಭಿಪ್ರೇರಣೆ ಬಗ್ಗೆ ಸಾಹಿತ್ಯ ಸಮೀಕ್ಷೆ ಬರೆಯುತ್ತಿದ್ದೇನೆ. ಫೀಡ್‌ಬ್ಯಾಕ್ ಕೊಟ್ಟರೆ ಮಕ್ಕಳ ಆಸಕ್ತಿ ಹೆಚ್ಚುತ್ತದೆ ಅಂತ ಕೆಲವರು, ಕುಗ್ಗುತ್ತದೆ ಅಂತ ಕೆಲವರು. ಎಲ್ಲವನ್ನೂ ಬರೆದು ಕೊಟ್ಟರೆ ಗೈಡ್ ‘ಇದು ಬರೀ ಪಟ್ಟಿ’ ಅಂದರು. ಏನು ಮಾಡಲಿ?

ಉತ್ತರ: ನಿಮಗೆ ತಲೆನೋವಾಗಿರುವ ಆ ಜಗಳವೇ ನಿಮ್ಮ ಅಧ್ಯಾಯ. ಯಾರು ಸರಿ ಅಂತ ತೀರ್ಪು ಕೊಡುವ ಮೊದಲು, ಯಾರು ಯಾವ ಫೀಡ್‌ಬ್ಯಾಕ್ ಕೊಟ್ಟರು, ಆಮೇಲೆ ಏನನ್ನು ಅಳೆದರು ಅಂತ ನೋಡಿ. ಅರ್ಧ ಜಗಳ ಅಲ್ಲೇ ಮುಗಿಯುತ್ತದೆ.

ರೂತ್ ಬಟ್ಲರ್ 1988ರಲ್ಲಿ ಪ್ರಕಟಿಸಿದ ಪ್ರಯೋಗದಿಂದ ಶುರು ಮಾಡೋಣ. ಇಸ್ರೇಲಿನ ಐದು, ಆರನೇ ತರಗತಿಯ ಮಕ್ಕಳು. ಕೆಲವರಿಗೆ ಅಂಕ ಮಾತ್ರ ಕೊಟ್ಟರು. ಕೆಲವರಿಗೆ ಅವರವರ ಕೆಲಸದ ಬಗ್ಗೆ ಬರೆದ ಟಿಪ್ಪಣಿ ಮಾತ್ರ. ಉಳಿದವರಿಗೆ ಅಂಕವೂ ಟಿಪ್ಪಣಿಯೂ. ಟಿಪ್ಪಣಿ ಮಾತ್ರ ಸಿಕ್ಕವರಲ್ಲಿ ಆಸಕ್ತಿಯೂ ಸಾಧನೆಯೂ ಚೆನ್ನಾಗಿತ್ತು. ಅಂಕ ಮಾತ್ರ ಸಿಕ್ಕವರಲ್ಲಿ, ಮೊದಲೇ ಮುಂದಿದ್ದ ಮಕ್ಕಳ ಆಸಕ್ತಿ ಉಳಿಯಿತು, ಹಿಂದಿದ್ದವರದು ಇಳಿಯಿತು. ಎರಡೂ ಸಿಕ್ಕವರು? ಅವರಿಗೆ ಲಾಭ ಜಾಸ್ತಿ ಆಗಬೇಕಿತ್ತು, ಅಲ್ವಾ? ಆಗಲಿಲ್ಲ. ಅಂಕ ಪಕ್ಕದಲ್ಲಿದ್ದಾಗ ಟಿಪ್ಪಣಿ ಹೆಚ್ಚೇನೂ ಕೆಲಸ ಮಾಡಲಿಲ್ಲ. ಬಟ್ಲರ್ ಕೊಡುವ ಕಾರಣ ಇದು: ಟಿಪ್ಪಣಿ ಮಗುವಿನ ಗಮನವನ್ನು ಕೆಲಸದ ಕಡೆ ತಿರುಗಿಸುತ್ತದೆ, ಅಂಕ ‘ನಾನು ಎಷ್ಟರವನು’ ಎನ್ನುವುದರ ಕಡೆ.

ಇನ್ನು ಕ್ಲೂಗರ್ ಮತ್ತು ಡಿನಿಸಿ ಅವರ 1996ರ ಮೆಟಾ ವಿಶ್ಲೇಷಣೆ. ಹಲವು ಅಧ್ಯಯನಗಳ 607 ಪರಿಣಾಮಗಳನ್ನು ಒಟ್ಟುಗೂಡಿಸಿದಾಗ ಪರಿಣಾಮದ ಸರಾಸರಿ ಗಾತ್ರ 0.41. ಅದು ಸೊನ್ನೆಗಿಂತ ಮೇಲಿದೆ, ಅಂದರೆ ಒಟ್ಟಾರೆ ಲಾಭವೇ. ಆದರೆ ಮೂರರಲ್ಲಿ ಒಂದಕ್ಕಿಂತ ಹೆಚ್ಚು ಕಡೆ ಫೀಡ್‌ಬ್ಯಾಕ್ ಸಾಧನೆಯನ್ನು ಕೆಡಿಸಿತ್ತು. ಇವರೂ ಗಮನದ ಮಾತನ್ನೇ ಆಡುತ್ತಾರೆ: ಫೀಡ್‌ಬ್ಯಾಕ್ ಕೆಲಸವನ್ನು ಬಿಟ್ಟು ವ್ಯಕ್ತಿಯ ಕಡೆ ಹೋದಷ್ಟೂ ಅದರ ಬಲ ಕುಗ್ಗುತ್ತದೆ.

ಇಲ್ಲೇ ಬಹಳ ಜನ ಎಡವುವುದು. ‘ಫೀಡ್‌ಬ್ಯಾಕ್‌ನಿಂದ ಅಭಿಪ್ರೇರಣೆ ಕುಗ್ಗಬಹುದು (ಕ್ಲೂಗರ್ ಮತ್ತು ಡಿನಿಸಿ, 1996)’ ಅಂತ ಸುಮ್ನೆ ಬರೆದುಬಿಡುತ್ತಾರೆ. ಅವರು ಲೆಕ್ಕ ಹಾಕಿದ್ದು ಸಾಧನೆಯನ್ನು, ಅಭಿಪ್ರೇರಣೆಯನ್ನಲ್ಲ. ಬಟ್ಲರ್ ಆಸಕ್ತಿಯನ್ನೂ ನೋಡಿದರು, ಸಾಧನೆಯನ್ನೂ ನೋಡಿದರು. ಮತ್ತೊಬ್ಬರು ‘ನನ್ನಿಂದ ಆಗುತ್ತದೆ’ ಎಂಬ ನಂಬಿಕೆಯನ್ನು ಅಳೆದಿರಬಹುದು. ಇವೆಲ್ಲ ಒಂದೇ ಅಲ್ಲ. ವಿಸ್ನಿಯೆವ್‌ಸ್ಕಿ, ಝೀರರ್, ಹ್ಯಾಟಿ 2020ರಲ್ಲಿ 435 ಅಧ್ಯಯನಗಳನ್ನು ಸೇರಿಸಿ ನೋಡಿದಾಗಲೂ, ಕಲಿಕೆಯ ಫಲಿತಾಂಶಕ್ಕೆ ಹೋಲಿಸಿದರೆ ಅಭಿಪ್ರೇರಣೆಯ ಮೇಲಿನ ಪರಿಣಾಮ ಕಡಿಮೆಯೇ ಇತ್ತು. ನಿಮ್ಮ ವಿಷಯದ ಹೃದಯ ಇರುವುದು ಈ ಅಂತರದಲ್ಲಿ.

ಹಾಗಾಗಿ ಒಂದು ಹಾಳೆಯಲ್ಲಿ ಕೋಷ್ಟಕ ಮಾಡಿಕೊಳ್ಳಿ. ಲೇಖಕರ ಹೆಸರು, ವರ್ಷದ ಜೊತೆ ಈ ಕಾಲಂಗಳು ಸಾಕು: ಮಗುವಿನ ಕೈಗೆ ಸಿಕ್ಕಿದ್ದೇನು, ಅಂಕ ಜೊತೆಗಿತ್ತೇ, ಸರಿಪಡಿಸಿಕೊಳ್ಳಲು ಮತ್ತೊಂದು ಅವಕಾಶ ಇತ್ತೇ, ಅಳೆದಿದ್ದೇನು, ಯಾವ ಮಕ್ಕಳಲ್ಲಿ ಏನಾಯಿತು. ಅಧ್ಯಾಯದ ಉಪಶೀರ್ಷಿಕೆಗಳು ಲೇಖಕರ ಹೆಸರಿನಿಂದ ಬರಬಾರದು, ಈ ಕಾಲಂಗಳಿಂದ ಬರಬೇಕು.

ಪಟ್ಟಿಯಾದರೆ ವಾಕ್ಯ ಹೀಗಿರುತ್ತದೆ: ‘ಬಟ್ಲರ್ (1988) ಟಿಪ್ಪಣಿ ಉಪಯುಕ್ತ ಎಂದರು. ಕ್ಲೂಗರ್ ಮತ್ತು ಡಿನಿಸಿ (1996) ಹಿಮ್ಮಾಹಿತಿ ಹಾನಿಕರವೂ ಆಗಬಹುದು ಎಂದರು.’ ಸಮೀಕ್ಷೆಯಾದರೆ ಹೀಗೆ: ‘ಹಿಮ್ಮಾಹಿತಿ ಕೆಲಸದ ಕಡೆ ಗಮನ ಸೆಳೆದಾಗ ಫಲ ಕೊಡುತ್ತದೆ, ವ್ಯಕ್ತಿಯ ಕಡೆ ಸೆಳೆದಾಗ ಸೊರಗುತ್ತದೆ ಎಂಬುದಕ್ಕೆ ಎರಡು ಬೇರೆ ಬಗೆಯ ಪುರಾವೆ ಇದೆ. ಬಟ್ಲರ್ (1988) ಇದನ್ನು ಆಸಕ್ತಿ ಮತ್ತು ಸಾಧನೆ ಎರಡರಲ್ಲೂ ಕಂಡರು. ಕ್ಲೂಗರ್ ಮತ್ತು ಡಿನಿಸಿ (1996) ಸಾಧನೆಯಲ್ಲಿ ಮಾತ್ರ ಲೆಕ್ಕ ಹಾಕಿದರು. ಆದ್ದರಿಂದ ಆಸಕ್ತಿಯ ಬಗ್ಗೆ ಎರಡನೆಯದನ್ನು ಪುರಾವೆಯಾಗಿ ಬಳಸಲಾಗದು.’ ಕೊನೆಯ ಆ ವಾಕ್ಯ ನಿಮ್ಮದು. ಗೈಡ್ ಕೇಳುತ್ತಿರುವುದು ಅದನ್ನೇ.

ಬಟ್ಲರ್ ಪ್ರಯೋಗದ ಮಿತಿಯನ್ನೂ ಬರೆಯಿರಿ. ಅದು ಚಿಕ್ಕ ಅವಧಿಯಲ್ಲಿ, ಪ್ರಯೋಗಕ್ಕೆಂದೇ ಕೊಟ್ಟ ಚಟುವಟಿಕೆಗಳ ಮೇಲೆ ನಡೆದದ್ದು. ವರ್ಷವಿಡೀ ಗಣಿತ ಪಾಠದಲ್ಲಿ ಅಂಕ ತೆಗೆದುಬಿಟ್ಟರೆ ಹೀಗೇ ಆಗುತ್ತದೆ ಅಂತ ಅದರಿಂದ ಹೇಳಲಾಗದು.

ನಮ್ಮಲ್ಲಿ ಇನ್ನೊಂದು ಗೊಂದಲವಿದೆ. ಶಾಲೆಗಳಲ್ಲಿ ನಿರಂತರ ಮತ್ತು ವ್ಯಾಪಕ ಮೌಲ್ಯಮಾಪನ, ಅಂದರೆ ಸಿಸಿಇ, ಬಂದ ಮೇಲೆ ‘ರೂಪಣಾತ್ಮಕ’ ಅಂದರೆ ಎಫ್‌ಎ-1, ಎಫ್‌ಎ-2 ಎಂಬ ಕಿರುಪರೀಕ್ಷೆಗಳೇ ಕಣ್ಣ ಮುಂದೆ ಬರುತ್ತವೆ. ಅಂಕ ದಾಖಲೆಗೆ ಹೋಗಿ, ಮಗುವಿಗೆ ಏನು ತಿದ್ದಿಕೊಳ್ಳಬೇಕು ಅಂತ ತಿಳಿಯದಿದ್ದರೆ ಅದು ರೂಪಣಾತ್ಮಕ ಹಿಮ್ಮಾಹಿತಿ ಅಲ್ಲ, ಹೆಸರು ಏನೇ ಇರಲಿ. ಇಲ್ಲಿನ ಅಧ್ಯಯನಗಳನ್ನು ಸೇರಿಸುವಾಗ ಶೀರ್ಷಿಕೆ ನಂಬಬೇಡಿ. ವಿಧಾನದ ಭಾಗ ತೆರೆದು, ಮಗುವಿನ ಕೈಗೆ ಸಿಕ್ಕಿದ್ದು ಅಂಕವೋ ಮಾತೋ ಅಂತ ನೋಡಿ. ಅಂಕ ಮಾತ್ರ ಇದ್ದವನ್ನು ಬೇರೆ ಗುಂಪಿಗೆ ಹಾಕಿ. ಇದರಿಂದ ಆ ಭಾಗ ಎರಡೇ ಪುಟಕ್ಕೆ ಇಳಿದರೂ ಪರವಾಗಿಲ್ಲ. ಸಂಶೋಧನೆಯ ಕೊರತೆ ಎಲ್ಲಿದೆ ಅಂತ ತೋರಿಸಲು ನಿಮಗೆ ಅದೇ ಆಧಾರವಾಗುತ್ತದೆ.