ಪಿವಿಸಿ: ಹೃತ್ಕುಕ್ಷಿಯ ಅಕಾಲಿಕ ಬಡಿತ

ಹೃದಯದ ಲಯವನ್ನು ಬಲ ಹೃತ್ಕರ್ಣದ ಸೈನಸ್ ಗಂಟು ನಡೆಸುತ್ತದೆ. ಅದರ ಸರದಿ ಬರುವ ಮೊದಲೇ ಕೆಳಕೋಣೆಗಳಾದ ಹೃತ್ಕುಕ್ಷಿಗಳ ಯಾವುದೋ ಒಂದು ಬಿಂದುವಿನಿಂದ ವಿದ್ಯುತ್ ಸಂಕೇತ ಹೊರಟು ಉಂಟಾಗುವ ಬಡಿತವನ್ನು ವೈದ್ಯರು ಪಿವಿಸಿ ಎಂದು ಕರೆಯುತ್ತಾರೆ. ಕೋಣೆ ಪೂರ್ತಿ ತುಂಬುವ ಮೊದಲೇ ಸಂಕುಚಿಸುವುದರಿಂದ ಈ ಬಡಿತ ಮಣಿಕಟ್ಟಿನ ನಾಡಿಯಲ್ಲಿ ಸಿಗದೆಯೂ ಹೋಗಬಹುದು. ಅದರ ನಂತರದ ಬಿಡುವಿನಲ್ಲಿ ಹೆಚ್ಚು ರಕ್ತ ತುಂಬಿಕೊಂಡು ಮುಂದಿನ ಬಡಿತ ಬಲವಾಗುತ್ತದೆ. ಎದೆಯಲ್ಲಿ ಧಡಕ್ಕೆಂದು ಅನಿಸುವುದು ಹೆಚ್ಚಾಗಿ ಈ ಎರಡನೆಯ ಬಡಿತ, ಅಂದರೆ ಸರಿಯಾದ ಬಡಿತವೇ.

ಆರೋಗ್ಯವಂತರಲ್ಲೂ ದಿನಕ್ಕೆ ಕೆಲವು ಪಿವಿಸಿಗಳು ಕಾಣುವುದು ಸಾಮಾನ್ಯ. ಅವು ಸಾವಿರಗಟ್ಟಲೆ ಇದ್ದಾಗ ಏನು ನೋಡಬೇಕು? 34 ವರ್ಷದ ಒಬ್ಬರನ್ನು ಊಹಿಸಿಕೊಳ್ಳೋಣ. ಮೈಗೆ ಕಟ್ಟಿಕೊಂಡು ಓಡಾಡುವ ಇಸಿಜಿ ಯಂತ್ರವಾದ ಹೋಲ್ಟರ್ ನೀಡಿದ 24 ಗಂಟೆಗಳ ದಾಖಲೆಯಲ್ಲಿ ಒಟ್ಟು 1,00,000 ಬಡಿತಗಳಿದ್ದು, ಅವುಗಳಲ್ಲಿ 15,000 ಪಿವಿಸಿಗಳಿವೆ, ಅಂದರೆ ಶೇ 15. ಸಂಖ್ಯೆ ಗಾಬರಿ ಹುಟ್ಟಿಸುವಂತಿದ್ದರೂ, ಹೃದಯದ ರಚನೆಯಲ್ಲಿ ದೋಷವಿದೆಯೇ ಎಂಬುದನ್ನು ಅದೊಂದೇ ಹೇಳಲಾರದು. ಇಸಿಜಿಯಲ್ಲಿ ಆ ಬಡಿತಗಳೆಲ್ಲ ಒಂದೇ ಆಕಾರದಲ್ಲಿವೆ. ಹೃದಯದ ಎಡ ವಿದ್ಯುತ್ ಕವಲಿನಲ್ಲಿ ತಡೆಯಿದ್ದಂತೆ ಕಾಣುತ್ತಾ, ಹೃದಯದ ಕೆಳಭಾಗವನ್ನು ನೋಡುವ ಲೀಡ್‌ಗಳಲ್ಲಿ (II, III, aVF) ಎತ್ತರಕ್ಕೇರುತ್ತವೆ. ರಕ್ತ ಶ್ವಾಸಕೋಶದತ್ತ ಹೊರಡುವ ಹಾದಿಯಾದ ಬಲ ಹೃತ್ಕುಕ್ಷಿಯ ಮೇಲ್ಭಾಗದಿಂದ ಹುಟ್ಟುವ ಪಿವಿಸಿಗಳ ಚಹರೆ ಇದು, ಮತ್ತು ರೋಗವಿಲ್ಲದ ಹೃದಯದಲ್ಲಿ ಅತಿ ಸಾಮಾನ್ಯವಾದ ಮೂಲವೂ ಇದೇ. ಟ್ರೆಡ್‌ಮಿಲ್ ಮೇಲೆ ವೇಗ ಹೆಚ್ಚಿದಂತೆ ಅವು ಮರೆಯಾಗಿ, ವಿಶ್ರಾಂತಿಯಲ್ಲಿ ಮರಳುತ್ತವೆ. ಹೃದಯದ ಅಲ್ಟ್ರಾಸೌಂಡ್ ಪರೀಕ್ಷೆಯಾದ ಎಕೋ ಸಹಜವಾಗಿದೆ. ಇಷ್ಟು ಸೇರಿದಾಗ ರಚನೆಯ ದೋಷದ ಸಾಧ್ಯತೆ ಬಹಳ ಕಡಿಮೆ.

ಇದೇ 15,000 ಬಡಿತಗಳು ಎರಡು ಮೂರು ಬೇರೆ ಬೇರೆ ಆಕಾರಗಳಲ್ಲಿದ್ದು, ವ್ಯಾಯಾಮದಲ್ಲಿ ಹೆಚ್ಚುತ್ತಿದ್ದರೆ, ಅಥವಾ ಸಹಜ ಬಡಿತದ ಇಸಿಜಿಯಲ್ಲೇ V1ರಿಂದ V3ರವರೆಗೆ ಟಿ ತರಂಗ ತಲೆಕೆಳಗಾಗಿದ್ದರೆ, ವಿಷಯ ಬೇರೆ. ಹಠಾತ್ತನೆ ಪ್ರಜ್ಞೆ ತಪ್ಪಿದ್ದರೆ ಅಥವಾ ಕುಟುಂಬದಲ್ಲಿ ಯಾರಾದರೂ ಚಿಕ್ಕ ವಯಸ್ಸಿನಲ್ಲಿ ಹೃದಯಸ್ತಂಭನದಿಂದ ತೀರಿಕೊಂಡಿದ್ದರೆ ರಚನೆಯ ದೋಷದ ಅನುಮಾನ ಇನ್ನಷ್ಟು ಗಟ್ಟಿಯಾಗುತ್ತದೆ; ಆಗ ಸಹಜವಾದ ಎಕೋವನ್ನು ನಂಬಿ ಸುಮ್ಮನಾಗುವಂತಿಲ್ಲ, ಏಕೆಂದರೆ ಸ್ನಾಯುವಿನ ಸಣ್ಣ ಕಲೆಗಳು ಎಕೋಗೆ ಕಾಣದೆ, ಗ್ಯಾಡೋಲಿನಿಯಂ ಎಂಬ ಕಾಂಟ್ರಾಸ್ಟ್ ದ್ರವ್ಯ ಬಳಸಿ ಮಾಡುವ ಎಂಆರ್‌ಐಯಲ್ಲಿ ಮಾತ್ರ ಕಾಣಬಹುದು.

ಹಾಗೆಂದು ಸಂಖ್ಯೆಯನ್ನು ಕಡೆಗಣಿಸುವಂತೆಯೂ ಇಲ್ಲ. ಪಿವಿಸಿಯ ಪ್ರಮಾಣ ಶೇ 10ನ್ನು ದಾಟಿ ಬಹುಕಾಲ ಮುಂದುವರಿದರೆ, ಹೃತ್ಕುಕ್ಷಿಯ ಭಾಗಗಳು ಹೊಂದಾಣಿಕೆಯಿಲ್ಲದೆ ಸಂಕುಚಿಸಿ, ಕೆಲವರಲ್ಲಿ ಆರೋಗ್ಯವಾಗಿದ್ದ ಸ್ನಾಯುವೇ ದುರ್ಬಲವಾಗುತ್ತದೆ. ಶೇ 20ರ ಮೇಲೆ ಈ ಅಪಾಯ ಹೆಚ್ಚು. ಆದ್ದರಿಂದ ಮೇಲಿನ ವ್ಯಕ್ತಿಗೆ ತೊಂದರೆಯೇನೂ ಅನಿಸದಿದ್ದರೂ ಕಾಲಕಾಲಕ್ಕೆ ಎಕೋ ಮಾಡಿಸಬೇಕು. ಮುಂದೊಂದು ದಿನ, ಪ್ರತಿ ಬಡಿತದಲ್ಲಿ ಎಡ ಹೃತ್ಕುಕ್ಷಿ ಹೊರದೂಡುವ ರಕ್ತದ ಪಾಲಾದ ಎಜೆಕ್ಷನ್ ಫ್ರ್ಯಾಕ್ಷನ್ ಶೇ 60ರಿಂದ 45ಕ್ಕೆ ಇಳಿದಿದ್ದರೆ, ಪಿವಿಸಿಯಿಂದ ಸ್ನಾಯು ಸೋತಿತೋ, ಸ್ನಾಯುವಿನ ರೋಗದಿಂದ ಪಿವಿಸಿ ಹುಟ್ಟಿತೋ ಎಂಬುದು ಆ ಕ್ಷಣಕ್ಕೆ ಸ್ಪಷ್ಟವಾಗದಿರಬಹುದು. ಔಷಧಿಯಿಂದ ಅಥವಾ ತೆಳು ನಳಿಕೆ ತೂರಿಸಿ ಪಿವಿಸಿ ಹುಟ್ಟುವ ಬಿಂದುವನ್ನು ನಿಷ್ಕ್ರಿಯಗೊಳಿಸುವ ಕ್ಯಾಥೆಟರ್ ಅಬ್ಲೇಷನ್‌ನಿಂದ ಪಿವಿಸಿಗಳನ್ನು ತಗ್ಗಿಸಿದ ಕೆಲವು ತಿಂಗಳಲ್ಲಿ ಎಜೆಕ್ಷನ್ ಫ್ರ್ಯಾಕ್ಷನ್ ಮೊದಲಿನ ಮಟ್ಟಕ್ಕೆ ಮರಳಿದರೆ ಕಾರಣ ಪಿವಿಸಿಯೇ ಆಗಿತ್ತೆಂದು ತಿಳಿಯಬಹುದು. ಮರಳದಿದ್ದರೆ ಸ್ನಾಯುವಿನ ರೋಗವನ್ನೇ ಹುಡುಕಬೇಕಾಗುತ್ತದೆ.