ಫೋಟೊದಲ್ಲಿ ಇಲ್ಲದ ಮ್ಯೂ

ವಿಜಯಪುರದಲ್ಲಿ ಪಿಯುಸಿ ಹುಡುಗರಿಗೆ ಭೌತಶಾಸ್ತ್ರ ಹೇಳುವ ನನಗೆ ಪರೀಕ್ಷೆ ಹತ್ತಿರ ಬಂತೆಂದರೆ ವಾಟ್ಸಾಪ್ ತೆರೆಯಲು ಭಯ. ಹುಡುಗರು ಕಳಿಸುವ ಫೋಟೊದಲ್ಲಿ ಪ್ರಶ್ನೆಯ ಎಡಗಡೆ ಅರ್ಧ ಹಾರಿಹೋಗಿರುತ್ತದೆ, ಕೆಳಗೆ ಮಾತ್ರ 'ಲಗೂ ಬಿಡಿಸಿ ಕಳಸ್ರಿ ಸರ್' ಎಂದು ಪೂರ್ತಿ ಇರುತ್ತದೆ.

ಮೊನ್ನೆ ಬಂದದ್ದನ್ನೇ ನೋಡಿ. '30° ಕೋನದ ಒರಟು ಇಳಿಜಾರು, ಮರದ ತುಂಡಿನ ವೇಗೋತ್ಕರ್ಷ ಎಷ್ಟು?' ಇಷ್ಟೇ ಕಾಣುತ್ತಿತ್ತು. ತುಂಡಿನ ದ್ರವ್ಯರಾಶಿ, g, ಘರ್ಷಣೆಯ ಗುಣಾಂಕ μ, ಮೂರೂ ಇಲ್ಲ. ಆಪ್ಷನ್‌ಗಳು: 3.27, 5, 6.73, 8.66. ಹುಡುಗ ತಾನೇ ತೀರ್ಮಾನಿಸಿದ್ದ: 'ಘರ್ಷಣೆ ಬಿಟ್ರ 5 ಬರ್ತದ್ರಿ, ಆಪ್ಷನ್ನ್ಯಾಗೂ ಐತಿ. ಅದಽ ಕರೆಕ್ಟ್ ಅಲ್ರೀ?'

ಅಲ್ಲಪ್ಪ! ಆಪ್ಷನ್‌ನಲ್ಲಿ ಇದೆ ಎಂಬುದು ನಿನ್ನ ಊಹೆಗೆ ಸಾಕ್ಷಿಯಲ್ಲ. ಘರ್ಷಣೆ ಮರೆತವನಿಗೆ ಯಾವ ಉತ್ತರ ಬರುತ್ತದೆಂದು ಪ್ರಶ್ನೆ ತೆಗೆಯುವವರಿಗೆ ಗೊತ್ತು, ಅದನ್ನೇ ಅಲ್ಲಿ ಇಟ್ಟಿರುತ್ತಾರೆ. 8.66 ಕೂಡ ಹಾಗೇ, ಸೈನ್ ಬದಲು ಕಾಸ್ ಹಾಕಿದವನಿಗೆ. 'ಒರಟು' ಎಂಬ ಪದ ಕಾಣುತ್ತಿರುವಾಗ ಘರ್ಷಣೆ ಬಿಡುವ ಹಕ್ಕು ನಮಗಿಲ್ಲ.

ಕಾಣದ ಸಂಖ್ಯೆಯ ಜಾಗದಲ್ಲಿ ಅಕ್ಷರ ಇಟ್ಟು ಕೊನೆವರೆಗೂ ಬಿಡಿಸಿ ನೋಡಬೇಕು. ತುಂಡು ಕೆಳಗೆ ಜಾರುತ್ತಿದ್ದರೆ:

a = g(sin 30° − μ cos 30°)

ದ್ರವ್ಯರಾಶಿ m ಎರಡೂ ಕಡೆ ಹೊಡೆದುಹೋಯಿತು. ಹಾಗಾಗಿ ಅದನ್ನು ಕೇಳುವುದೇ ಬೇಡ. g ಉಳಿಯಿತು, ಆದರೆ ಆಪ್ಷನ್‌ನ 5 ಮತ್ತು 8.66 ಎರಡೂ g = 10 ಎಂದು ಹಿಡಿದರೆ ಬರುವಂಥವು. 9.8 ಆಗಿದ್ದರೆ 4.9 ಇರುತ್ತಿತ್ತು. g = 10 ಎಂದು ಊಹಿಸಬಹುದು, ಉತ್ತರದ ಪಕ್ಕ ಬರೆದೂ ಇಡಬೇಕು. μ ಮಾತ್ರ ಗಟ್ಟಿಯಾಗಿ ಕೂತಿದೆ. ಅದು 0.2 ಆದರೆ 3.27 ಬರುತ್ತದೆ.

ಹಾಗಾದರೆ 3.27 ಎಂದು ಬರೆದು ಕಳಿಸಿಬಿಡಬಹುದಲ್ಲ? ಇಲ್ಲೇ ಅನುಭವಸ್ಥರೂ ಎಡವುತ್ತಾರೆ. ಅದೇ 0.2 ಇಟ್ಟುಕೊಂಡು ತುಂಡನ್ನು ಮೇಲಕ್ಕೆ ತಳ್ಳಿಬಿಟ್ಟರೆ ಘರ್ಷಣೆಯೂ ಕೆಳಮುಖವಾಗುತ್ತದೆ, ಕಳೆಯುವ ಚಿಹ್ನೆ ಕೂಡುವುದಾಗುತ್ತದೆ, ಉತ್ತರ 6.73. ಅದೂ ಆಪ್ಷನ್‌ನಲ್ಲಿದೆ. ಅಂದರೆ ಕತ್ತರಿಸಿ ಹೋದದ್ದು ಸಂಖ್ಯೆ ಮಾತ್ರವಲ್ಲ, ಒಂದು ಕ್ರಿಯಾಪದ ಕೂಡ ಇರಬಹುದು.

'ಪೂರ್ತಿ ಫೋಟೊ ಕಳಿಸು' ಎಂದರೆ ಬಹುತೇಕ ಅದೇ ಫೋಟೊ ಮತ್ತೆ ಬರುತ್ತದೆ, ಈ ಸಲ ಇನ್ನಷ್ಟು ಮಸುಕಾಗಿ. ಅದಕ್ಕೇ ಎರಡೇ ಕೇಳಿದೆ: μ ಎಷ್ಟು ಕೊಟ್ಟಿದ್ದಾರೆ? ತುಂಡು ತಾನೇ ಜಾರುತ್ತಿದೆಯೋ, ಮೇಲಕ್ಕೆ ತಳ್ಳಿದ್ದಾರೋ?

'0.2 ಐತ್ರಿ. ಮ್ಯಾಲಕ್ಕ ತಳ್ಯಾರ್ರಿ ಸರ್, ಮ್ಯಾಲ ಹೋಗುಮುಂದಿನದು ಕೇಳ್ಯಾರ.'

ಉತ್ತರ 6.73, ದಿಕ್ಕು ಇಳಿಜಾರಿನಗುಂಟ ಕೆಳಕ್ಕೆ. ಅದೇ ತುಂಡು ಮೇಲೆ ನಿಂತು ವಾಪಸ್ ಜಾರುವಾಗ 3.27.